ಮಂಡಿ ಬೋರ್ಡಿನ ಒತ್ತಕ್ಷರ ಎಲ್ಲಿ ಹೋಯಿತು?

ಶಿವಮೊಗ್ಗದ ಹುಡುಗರ ಒಂದು ವಾಲಿಬಾಲ್ ತಂಡ. ಅಡಿಕೆ ಮಂಡಿಯೊಂದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಆರು ಅಡಿ ಅಗಲದ ಫ್ಲೆಕ್ಸ್ ಮಾಡಿಕೊಡಿ ಎಂದು ನನ್ನ ಹತ್ತಿರ ಬಂದರು. ಕೆಲಸ ಎರಡೇ. ಹಿಂದಿನ ಬೋರ್ಡಿನ ಮೇಲೆ ಕೇಬಲ್ ತಂತಿಯೊಂದು ಅಡ್ಡ ಹಾದುಹೋಗಿತ್ತು, ಬಲ ಮೂಲೆಗೆ ನೀಲಿ ಟಾರ್ಪಾಲಿನ ಅಂಚು ಇಳಿಬಿದ್ದಿತ್ತು. ಅವನ್ನು ತೆಗೆಯಬೇಕು. ಆವತ್ತು ಬಾರದ ಒಬ್ಬ ಹುಡುಗನನ್ನು ಬೇರೆ ಫೋಟೋದಿಂದ ತಂದು ಸಾಲಿಗೆ ಸೇರಿಸಬೇಕು.

ಚಿತ್ರ ತುಂಬುವ ಎಐ ಟೂಲ್‌ನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದೆ. ಪರದೆಯ ಮೇಲೆ ಚೆನ್ನಾಗೇ ಕಂಡಿತು. ದೊಡ್ಡದು ಮಾಡಿ ನೋಡಿದರೆ ‘ಅಡಿಕೆ ಮಂಡಿ, ಶಿವಮೊಗ್ಗ’ ಎಂಬ ಬೋರ್ಡಿನಲ್ಲಿ ಮಂಡಿ ಹೋಗಿ ‘ಮಂಢಿ’ ಆಗಿತ್ತು. ಶಿವಮೊಗ್ಗದ ಗ ಒತ್ತು ಹುರುಳಿಕಾಳಿನ ಹಾಗೆ ಉಂಡೆಯಾಗಿತ್ತು. ಹೊಸ ಹುಡುಗನ ಎದೆಯ ಮೇಲಿನ ‘ಮಲೆನಾಡು’ ಕನ್ನಡಿಯಲ್ಲಿ ನೋಡಿದಂತೆ ತಿರುಗಿತ್ತು, ಮೇಲಾಗಿ ಸೊಟ್ಟಗೂ ಇತ್ತು.

ಬೋರ್ಡು ಕೆಟ್ಟದ್ದು ಒಂದು ಕಾರಣಕ್ಕೆ, ಬಟ್ಟೆ ಕೆಟ್ಟದ್ದು ಇನ್ನೊಂದು ಕಾರಣಕ್ಕೆ. ರಿಪೇರಿಯೂ ಬೇರೆ ಬೇರೆ. ಇದು ಗೊತ್ತಿಲ್ಲದೆ ಅದೇ ಟೂಲ್‌ಗೆ ಮತ್ತೆ ಮತ್ತೆ ‘ಸರಿಯಾಗಿ ಬರಿ’ ಎಂದು ಹೇಳುತ್ತಾ ಕೂತರೆ ಸಂಜೆಯಾಗುತ್ತದೆ, ಅಷ್ಟೇ.

ಅಕ್ಷರ ಕರಗುವುದು ಎಲ್ಲಿ

ಮೊದಲು ಬೋರ್ಡಿನ ಕಥೆ. ಮೂಲ ಫೋಟೋ 6000 ಪಿಕ್ಸೆಲ್ ಅಗಲ ಇತ್ತು. ಅದರಲ್ಲಿ ಬೋರ್ಡಿನ ಒಂದು ಅಕ್ಷರ ಸುಮಾರು 120 ಪಿಕ್ಸೆಲ್ ಎತ್ತರ, ಗ ಒತ್ತು ಸುಮಾರು 40. ನಾನು ಬಳಸಿದ ಟೂಲ್ ಮೊದಲು ಇಡೀ ಫೋಟೋವನ್ನು 1024 ಪಿಕ್ಸೆಲ್ ಅಗಲಕ್ಕೆ ಇಳಿಸಿತು. ಅಂದರೆ ಹತ್ತಿರ ಹತ್ತಿರ ಆರರಲ್ಲಿ ಒಂದು ಭಾಗ. ಅಲ್ಲಿಗೆ ಅಕ್ಷರ 20 ಪಿಕ್ಸೆಲ್ ಆಯಿತು, ಒತ್ತು 7 ಪಿಕ್ಸೆಲ್ ಆಯಿತು.

ಮುಂದಿನ ಹೆಜ್ಜೆ ಕಣ್ಣಿಗೆ ಕಾಣುವುದಿಲ್ಲ, ಆದರೆ ನಿಜವಾದ ಹಾನಿ ಅಲ್ಲೇ. ಸ್ಟೇಬಲ್ ಡಿಫ್ಯೂಷನ್ ಥರದ ಎಐ ಮಾದರಿಗಳು ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ಬಿಡಿಸುವುದಿಲ್ಲ. ಮೊದಲು ಅದನ್ನು ಹಿಂಡಿ ಚಿಕ್ಕದು ಮಾಡಿಕೊಳ್ಳುತ್ತವೆ. ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್‌ನ ಒಂದು ಚೌಕ ತೆಗೆದುಕೊಳ್ಳಿ. ಅದರಲ್ಲಿ 64 ಪಿಕ್ಸೆಲ್, ಒಂದೊಂದಕ್ಕೂ ಮೂರು ಬಣ್ಣದ ಅಂಕಿ, ಒಟ್ಟು 192 ಅಂಕಿ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ತಲೆಮಾರಿನ ಮಾದರಿಗಳಲ್ಲಿ ಈ 192ರ ಜಾಗದಲ್ಲಿ ಉಳಿಯುವುದು ಬರೀ 4 ಅಂಕಿ. ಆಮೇಲೆ ಬಂದ ಕೆಲವು ಮಾದರಿಗಳಲ್ಲಿ 16 ಅಂಕಿ ಉಳಿಯುತ್ತವೆ. ಅವುಗಳಲ್ಲಿ ಅಕ್ಷರ ಸ್ವಲ್ಪ ಮೇಲು ಎನ್ನಲು ಇದೂ ಒಂದು ಕಾರಣ.

ಮರದ ಎಲೆ, ಹಂಚಿನ ಮಾಡು, ಕೆಮ್ಮಣ್ಣು ಇಂಥವಕ್ಕೆ ನಾಲ್ಕು ಅಂಕಿ ಸಾಕು. ಎಲೆ ಒಂದು ಚೂರು ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಅಕ್ಷರದ ವಿಷಯ ಹಾಗಲ್ಲ. ನಮ್ಮ ಗ ಒತ್ತು 7 ಪಿಕ್ಸೆಲ್, ಅಂದರೆ ಒಂದು ಚೌಕಕ್ಕಿಂತ ಚಿಕ್ಕದು. ಅದರ ಬಾಗು, ಬಾಲ, ನಡುವಿನ ಖಾಲಿ ಜಾಗ ಎಲ್ಲವೂ ಒಂದೆರಡು ಚೌಕದ ಲೆಕ್ಕದಲ್ಲಿ ಮುಗಿದುಹೋಯಿತು. ಹಿಂಡಿದ್ದನ್ನು ಮತ್ತೆ ಬಿಚ್ಚುವಾಗ ಮಾದರಿಗೆ ತಿಳಿದಿರುವುದು ಇಷ್ಟೇ: ಇಲ್ಲಿ ಏನೋ ಕಪ್ಪಗೆ, ದುಂಡಗೆ ಇತ್ತು. ಅದನ್ನೇ ಅದು ಬಿಡಿಸಿತು.

ಕನ್ನಡಕ್ಕೆ ಈ ಹೊಡೆತ ಜಾಸ್ತಿ. ಡ ಮತ್ತು ಢ, ದ ಮತ್ತು ಧ, ಬ ಮತ್ತು ಭ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಆ ಸೀಳು ಎರಡು ಪಿಕ್ಸೆಲ್‌ಗೆ ಇಳಿದ ಮೇಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತುಂಬುವ ಟೂಲ್‌ಗೆ ಅಲ್ಲಿ ‘ಮಂಡಿ’ ಎಂಬ ಪದ ಇದೆ ಎಂದೂ ಗೊತ್ತಿರುವುದಿಲ್ಲ. ಸುತ್ತಮುತ್ತಲಿನ ಗೆರೆ ನೋಡಿ, ಅಕ್ಷರದಂತೆ ಕಾಣುವ ಏನನ್ನೋ ಹಾಕುತ್ತದೆ. ಅದು ಕಂಡ ಚಿತ್ರಗಳಲ್ಲಿ ಕನ್ನಡ ಬೋರ್ಡು ಕಡಿಮೆ. ಒಮ್ಮೊಮ್ಮೆ ನಮ್ಮ ತಲೆಕಟ್ಟಿನ ಜಾಗದಲ್ಲಿ ತೆಲುಗಿನ ತಲೆಕಟ್ಟು ಕುಳಿತಿರುವುದನ್ನೂ ನೋಡಿದ್ದೇನೆ.

ಮೊದಲು ರೋಗ ಯಾವುದು ನೋಡಿ

ಬಟ್ಟೆಯ ಅಕ್ಷರ ಕೆಟ್ಟದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ನನ್ನ ಕೈಕೆಲಸ. ತಂಡದ ಫೋಟೋದಲ್ಲಿ ಬೆಳಕು ಎಡದಿಂದ ಬಿದ್ದಿತ್ತು, ಹುಡುಗನ ಫೋಟೋದಲ್ಲಿ ಬಲದಿಂದ. ಬೆಳಕು ಹೊಂದಲಿ ಎಂದು ಅವನನ್ನು ಅಡ್ಡಡ್ಡ ತಿರುಗಿಸಿದ್ದೆ. ಬೆಳಕೇನೋ ಹೊಂದಿತು, ಅಕ್ಷರ ತಿರುಗಿತು. ಜೊತೆಗೆ ಭುಜ ಸಾಲಿಗೆ ಕೂರಲಿ ಎಂದು ಒಂದು ಬದಿ ಎಳೆದಿದ್ದೆ. ಅಂಗಿಯ ಜೊತೆ ಅಕ್ಷರವೂ ಬಂತು.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಅಕ್ಷರಗಳ ಆಕಾರ ಪೂರ್ತಿ ಇದ್ದು, ಸಾಲು ಮಾತ್ರ ಬಾಗಿದ್ದರೆ ಅಥವಾ ಒಂದು ಕಡೆ ಹಿಗ್ಗಿದ್ದರೆ ಅದು ಎಳೆದಾಟದ ದೋಷ. ಸಾಲು ನೆಟ್ಟಗಿದ್ದು ಅಕ್ಷರವೇ ಬೇರೆ ಆಗಿದ್ದರೆ ಅದು ಮರುಸೃಷ್ಟಿಯ ದೋಷ. ಎಳೆದದ್ದನ್ನು ವಾಪಸ್ ಎಳೆಯಬಹುದು. ಕರಗಿದ್ದನ್ನು ಎಳೆದು ಪ್ರಯೋಜನವಿಲ್ಲ. ಅಲ್ಲಿ ಎಳೆಯುವುದಕ್ಕೆ ಅಕ್ಷರವೇ ಇಲ್ಲವಲ್ಲ.

ಇನ್ನೊಂದು ಪರೀಕ್ಷೆಯನ್ನು ನಾನು ಈಗ ಪ್ರತಿ ಸಲ ಮಾಡುತ್ತೇನೆ. ಎಐ ಕೊಟ್ಟ ಚಿತ್ರದ ಮೇಲೆ ಮೂಲ ಫೋಟೋ ಇಟ್ಟು, ಲೇಯರ್‌ನ ಮೋಡ್ `Difference` ಮಾಡಿ. ಎರಡೂ ಒಂದೇ ಇರುವ ಕಡೆ ಕಪ್ಪು ಕಾಣುತ್ತದೆ, ಬೇರೆ ಇರುವ ಕಡೆ ಬೆಳಕು. ನಾನು ಮುಟ್ಟಿದ್ದು ತಂತಿ ಮತ್ತು ಟಾರ್ಪಾಲಿನ ಜಾಗ ಮಾತ್ರ. ಹಾಗಾಗಿ ಉಳಿದದ್ದೆಲ್ಲ ಕಪ್ಪಾಗಿರಬೇಕಿತ್ತು. ಆದರೆ ಇಡೀ ಫೋಟೋದ ತುಂಬ ಸಣ್ಣ ಮಿನುಗು ಕಂಡಿತು. ಮುಖಗಳ ಅಂಚಿನಲ್ಲಿ, ಹಂಚಿನ ಸಾಲಿನಲ್ಲಿ, ಬೋರ್ಡಿನ ಪ್ರತಿ ಅಕ್ಷರದಲ್ಲೂ. ಟೂಲ್ ಇಡೀ ಚಿತ್ರವನ್ನು ಹಿಂಡಿ ಬಿಚ್ಚಿತ್ತು. ನಾನು ಮಾಸ್ಕ್ ಹಾಕದ ‘ಅಡಿಕೆ’ ಕೂಡ ಸ್ವಲ್ಪ ಮಂಕಾಗಿತ್ತು.

ಹಾಗಾಗಿ ಮೊದಲ ರಿಪೇರಿ ತುಂಬ ಸರಳ. ಮೂಲ ಫೋಟೋವನ್ನು ಮೇಲಿಟ್ಟು, ಅದರ ಮಾಸ್ಕ್‌ನಲ್ಲಿ ತಂತಿ ಮತ್ತು ಟಾರ್ಪಾಲು ಇದ್ದ ಜಾಗವನ್ನಷ್ಟೇ ಮರೆಮಾಡಿ. ಎಐ ಚಿತ್ರ ಆ ಕಿಂಡಿಗಳಲ್ಲಿ ಮಾತ್ರ ಕಾಣಬೇಕು. ಇಷ್ಟಕ್ಕೇ ಬೋರ್ಡಿನ ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದು ತಂತಿ ಕತ್ತರಿಸಿದ್ದ ‘ಡಿ’ ಮತ್ತು ಟಾರ್ಪಾಲಿನ ಅಡಿ ಇದ್ದ ಗ ಒತ್ತು.

ಬೋರ್ಡನ್ನು ಮೇಜಿನ ಮೇಲೆ ಮಲಗಿಸಿ

ಆ ಬೋರ್ಡು ತಗಡಿನ ಮೇಲೆ ಬ್ರಷ್‌ನಲ್ಲಿ ಬರೆದದ್ದು. ನುಡಿಯಲ್ಲೋ ಯೂನಿಕೋಡ್ ಫಾಂಟ್‌ನಲ್ಲೋ ಟೈಪ್ ಮಾಡಿ ಅಂಟಿಸಿದರೆ ಪಕ್ಕದ ಅಕ್ಷರದ ಜೊತೆ ಕೂಡುವುದಿಲ್ಲ. ಬೋರ್ಡು ಬರೆದವರ ಕೈ ಎಲ್ಲಿ, ಫಾಂಟ್ ಎಲ್ಲಿ. ಆದರೆ ಬೋರ್ಡಿನಲ್ಲೇ ಸಾಲ ಸಿಗುತ್ತದೆ. ‘ಮಂಡಿ’ಯ ಡಿ ಕೆಟ್ಟಿದ್ದರೆ ‘ಅಡಿಕೆ’ಯಲ್ಲಿ ಒಂದು ಡಿ ಇದೆಯಲ್ಲ!

ತೊಡಕು ಏನೆಂದರೆ ಬೋರ್ಡು ಓರೆಯಾಗಿ ಕಾಣುತ್ತಿತ್ತು. ಎಡಗಡೆ ಕ್ಯಾಮೆರಾಗೆ ಹತ್ತಿರ, ಬಲಗಡೆ ದೂರ. ‘ಅಡಿಕೆ’ಯ ಡಿ ದೊಡ್ಡದು, ‘ಮಂಡಿ’ಯ ಡಿ ಚಿಕ್ಕದು, ಸಾಲಿನ ಇಳಿಜಾರೂ ಬೇರೆ. ನೇರ ನಕಲು ಮಾಡಿದರೆ ಕೂರುವುದಿಲ್ಲ. ಅದಕ್ಕೇ ಮೊದಲು ಬೋರ್ಡನ್ನು ಎದುರಿನಿಂದ ನೋಡಿದ ಹಾಗೆ ಚಪ್ಪಟೆ ಮಾಡಿಕೊಳ್ಳಬೇಕು. ಬೋರ್ಡು ಸಮತಟ್ಟಾಗಿದ್ದರೆ ಅದರ ನಾಲ್ಕು ಮೂಲೆ ಗೊತ್ತಿದ್ದರೆ ಸಾಕು. ಒಂದೊಂದು ಮೂಲೆಗೂ ಎರಡು ಅಳತೆ, ಒಟ್ಟು ಎಂಟು. ಓರೆ ನೋಟವನ್ನು ನೇರ ಮಾಡುವ ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗಳೂ ಎಂಟೇ. ಮೂರು ಮೂಲೆ ಸಾಲುವುದಿಲ್ಲ, ಐದನೆಯದು ಬೇಕಿಲ್ಲ.

ಗೊತ್ತಿರಬೇಕಾದ ಇನ್ನೊಂದು ವಿಷಯ ಬೋರ್ಡಿನ ನಿಜವಾದ ಆಕಾರ. ಇದು 10 ಅಡಿ ಉದ್ದ, 2 ಅಡಿ ಎತ್ತರದ ಬೋರ್ಡು. ಐದಕ್ಕೆ ಒಂದು. ಹಾಗಾಗಿ 1500ಕ್ಕೆ 300 ಪಿಕ್ಸೆಲ್ ಎಂದು ಇಟ್ಟುಕೊಂಡೆ. ಫೋಟೋದಲ್ಲಿ ಬೋರ್ಡಿನ ಎತ್ತರ ಹೆಚ್ಚುಕಮ್ಮಿ 300 ಪಿಕ್ಸೆಲ್ಲೇ ಇದ್ದದ್ದರಿಂದ ಅಕ್ಷರ ಅನವಶ್ಯಕವಾಗಿ ಹಿಗ್ಗಲಿಲ್ಲ. ಕೋಡ್ ಬರೆಯುವವರಿಗೆ ಓಪನ್‌ಸಿವಿಯಲ್ಲಿ ಇದು ಆರು ಸಾಲಿನ ಕೆಲಸ:

```python
import cv2, numpy as np
img = cv2.imread("group.png")
p = np.float32([[2110,640],[3325,702],[3318,985],[2104,948]])
q = np.float32([[0,0],[1500,0],[1500,300],[0,300]])
M = cv2.getPerspectiveTransform(p, q)
cv2.imwrite("board.png", cv2.warpPerspective(img, M, (1500, 300)))
```

`p` ಎಂದರೆ ಫೋಟೋದಲ್ಲಿ ಕಂಡ ನಾಲ್ಕು ಮೂಲೆ, ಮೇಲಿನ ಎಡ ಮೂಲೆಯಿಂದ ಗಡಿಯಾರದ ದಿಕ್ಕಿನಲ್ಲಿ. ವಾಪಸ್ ಕಳಿಸುವಾಗ `p` ಮತ್ತು `q` ಅದಲುಬದಲು ಮಾಡಿ, ಅಳತೆಯ ಜಾಗದಲ್ಲಿ ಇಡೀ ಫೋಟೋದ ಅಳತೆ ಕೊಟ್ಟರಾಯಿತು. ಕೋಡ್ ಬೇಡ ಎನ್ನುವವರು ಫೋಟೋಶಾಪ್‌ನ ಪರ್ಸ್ಪೆಕ್ಟಿವ್ ಕ್ರಾಪ್ ಅಥವಾ ಗಿಂಪ್‌ನ ಪರ್ಸ್ಪೆಕ್ಟಿವ್ ಟೂಲ್‌ನಲ್ಲಿ ಇದನ್ನೇ ಕೈಯಲ್ಲಿ ಮಾಡಬಹುದು.

ಚಪ್ಪಟೆ ಮಾಡಿದ ಮೇಲೆ ಎರಡೂ ಡಿ ಒಂದೇ ಅಳತೆಗೆ ಬಂದವು. ಆದರೂ ಇಡೀ ಅಕ್ಷರ ಎತ್ತಿ ಹಾಕಲಿಲ್ಲ. ಬ್ರಷ್‌ನಲ್ಲಿ ಬರೆದ ಎರಡು ಅಕ್ಷರ ಎಂದೂ ಅಚ್ಚಿನಂತೆ ಒಂದೇ ಇರುವುದಿಲ್ಲ. ತಂತಿ ಕತ್ತರಿಸಿದ ಕೆಳಗಿನ ಬಾಗನ್ನಷ್ಟೇ ತಂದು, ಉಳಿದಿದ್ದ ಗೆರೆಗೆ ಜೋಡಿಸಿದೆ.

ಗ ಒತ್ತು ಕಷ್ಟ ಕೊಟ್ಟಿತು. ಬೋರ್ಡಿನಲ್ಲಿ ಬೇರೆ ಎಲ್ಲೂ ಆ ಒತ್ತು ಇರಲಿಲ್ಲ. ಆದರೆ ಗ ಒತ್ತು ಎಂದರೆ ತಲೆಕಟ್ಟು ಇಲ್ಲದ ಪುಟ್ಟ ಗ ತಾನೇ? ಮೇಲಿದ್ದ ಗ ಅನ್ನೇ ನಕಲು ಮಾಡಿ, ತಲೆಕಟ್ಟು ಅಳಿಸಿ, ಮೂರರಲ್ಲಿ ಒಂದು ಭಾಗಕ್ಕೆ ಕುಗ್ಗಿಸಿದೆ. ನೋಡಿದರೆ ಬಡಕಲು ಬಡಕಲು. ಯಾಕೆಂದರೆ ಅಕ್ಷರ ಕುಗ್ಗಿದಾಗ ಗೆರೆಯ ದಪ್ಪವೂ ಕುಗ್ಗುತ್ತದೆ. ಬೋರ್ಡು ಬರೆಯುವವರು ಒತ್ತಿಗೆ ಅಂತ ಅಷ್ಟು ಸಣ್ಣ ಬ್ರಷ್ ಹಿಡಿಯುವುದಿಲ್ಲ. ಅದೇ ಬ್ರಷ್, ಸ್ವಲ್ಪ ಕಡಿಮೆ ಒತ್ತಡ. ಪಕ್ಕದ ಗೆರೆ 18 ಪಿಕ್ಸೆಲ್ ದಪ್ಪ ಇತ್ತು. ಒತ್ತಿನ ಗೆರೆಯನ್ನು 6ರಿಂದ ಸುಮಾರು 13ಕ್ಕೆ ದಪ್ಪ ಮಾಡಿದೆ. ಆಗ ಒಳಗಿನ ಖಾಲಿ ಜಾಗ ಮುಚ್ಚಿಹೋಗತೊಡಗಿತು. ಒತ್ತನ್ನೇ ಸ್ವಲ್ಪ ಅಗಲಿಸಿದ ಮೇಲೆ ಕೈಬರಹದಂತೆ ಕಂಡಿತು.

ವಾಪಸ್ ಕೂರಿಸುವಾಗ ಒಂದು ಎಚ್ಚರ. ಚಿತ್ರವನ್ನು ಒಮ್ಮೆ ಚಪ್ಪಟೆ ಮಾಡಿ ಮತ್ತೆ ಓರೆ ಮಾಡಿದರೆ ಪ್ರತಿ ಸಲವೂ ಪಿಕ್ಸೆಲ್‌ಗಳ ನಡುವೆ ಸರಾಸರಿ ತೆಗೆಯುತ್ತದೆ, ಅಂಚು ಮೆತ್ತಗಾಗುತ್ತದೆ. ಹಾಗಾಗಿ ರಿಪೇರಿ ಮಾಡಿದ ಎರಡು ತುಂಡನ್ನಷ್ಟೇ ಹಾಕಿ, ಉಳಿದ ಬೋರ್ಡು ಮೂಲ ಫೋಟೋದ್ದೇ ಇರಲಿ. ಟೈಪ್ ಮಾಡಿದ ಅಕ್ಷರ ಕೂರಿಸುವವರಿಗೆ ತೊಂದರೆ ಇದಕ್ಕೆ ಉಲ್ಟಾ. ಅದು ವಿಪರೀತ ಚೂಪಾಗಿರುತ್ತದೆ. ಪಕ್ಕದ ಅಕ್ಷರದ ಅಂಚನ್ನು ದೊಡ್ಡದು ಮಾಡಿ ನೋಡಿ. ಕಪ್ಪಿನಿಂದ ಹಳದಿಗೆ ಬದಲಾಗಲು ಎಷ್ಟು ಪಿಕ್ಸೆಲ್ ಹಿಡಿಯುತ್ತದೆ ಎಣಿಸಿ, ಅಷ್ಟೇ ಮೆತ್ತಗಾಗುವ ತನಕ ಬ್ಲರ್ ಕೊಡಿ. ಅಚ್ಚ ಕಪ್ಪನ್ನೂ ಬಳಸಬೇಡಿ. ಮಳೆಗಾಲದ ಮೋಡದ ಬೆಳಕಿನಲ್ಲಿ ಬೋರ್ಡಿನ ಕಪ್ಪು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಸ್ವಲ್ಪ ಪಾಚಿಯ ಹಸಿರೂ ಇರುತ್ತದೆ. ಫೋಟೋದ ಕಪ್ಪನ್ನೇ ಎತ್ತಿಕೊಳ್ಳಿ.

ಟೈಪ್ ಮಾಡುವಾಗ ಇನ್ನೊಂದು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಗ್ಗ ಎಂದು ಬರೆದರೆ ‘ಗ್‌ಗ’ ಎಂದು ಬಿಡಿಬಿಡಿಯಾಗಿ ಬರುತ್ತದೆ. ಅಕ್ಷರ ಕೂಡಿಸುವ ಎಂಜಿನ್ ಆನ್ ಆಗಿಲ್ಲ ಎಂದು ಅರ್ಥ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಕರ್ವ್ ಆಗಿ ಬದಲಿಸಿ ತಂದುಕೊಂಡರೆ ಈ ರಗಳೆ ಇಲ್ಲ. ಓಪನ್‌ಸಿವಿಯ `putText` ಅಂತೂ ಕನ್ನಡ ಬರೆಯುವುದೇ ಇಲ್ಲ, ಪ್ರಶ್ನಾರ್ಥಕ ಚಿಹ್ನೆ ಕೊಡುತ್ತದೆ.

ಹಳೆಯ ಫೋಟೋ ಆದರೆ ಬೋರ್ಡಿನಲ್ಲಿ ಇದ್ದದ್ದನ್ನೇ ಇರಿಸಿ. ಊರಿನ ಹೆಸರು ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬೋರ್ಡಿನಲ್ಲಿ ‘ಶಿಮೊಗ’ ಎಂದು ಇಂಗ್ಲಿಷ್‌ನಲ್ಲಿದ್ದರೆ ಅದು ತಪ್ಪಲ್ಲ, ತಿದ್ದಬಾರದು.

ಅಂಗಿ ಬೋರ್ಡಿನಂತಲ್ಲ

ಅಂಗಿಗೆ ನಾಲ್ಕು ಮೂಲೆಯ ಲೆಕ್ಕ ನಡೆಯುವುದಿಲ್ಲ. ಎದೆ ಉಬ್ಬಿರುತ್ತದೆ, ಬಟ್ಟೆ ಮಡಿಕೆ ಬಿದ್ದಿರುತ್ತದೆ. ತಿರುಗಿದ ಅಕ್ಷರವನ್ನು ಕತ್ತರಿಸಿ ಮತ್ತೆ ತಿರುಗಿಸಿ ಅಂಟಿಸಿದರೆ ಆಗುವುದಿಲ್ಲವೇ ಎಂದು ನಾನೂ ಮಾಡಿ ನೋಡಿದೆ. ಅಕ್ಷರ ನೆಟ್ಟಗಾಯಿತು, ಮಡಿಕೆ ಉಲ್ಟಾ ಆಯಿತು. ಎದೆಯ ನಡುವೆ ಒಂದು ಚೌಕದಲ್ಲಿ ಮಾತ್ರ ಬೆಳಕು ಬಲದಿಂದ ಬಿದ್ದ ಹಾಗೆ.

ಹಾಗಾಗಿ ಹಳೆಯ ಅಕ್ಷರವನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕಬೇಕು. ಅಳಿಸಲು ಅದೇ ಎಐ ಟೂಲ್ ಒಳ್ಳೆಯದು, ವ್ಯಂಗ್ಯವಲ್ಲ. ಖಾಲಿ ಹಸಿರು ಬಟ್ಟೆ ಮತ್ತು ಮಡಿಕೆ ತುಂಬುವುದು ಅದಕ್ಕೆ ಚೆನ್ನಾಗಿ ಬರುತ್ತದೆ. ಅದೂ ಇಡೀ ಫೋಟೋ ಕೊಡದೆ ಎದೆಯ ಭಾಗವನ್ನಷ್ಟೇ ಕತ್ತರಿಸಿ ಕೊಡಿ. ಆಗ ಚಿತ್ರ ಕುಗ್ಗುವುದಿಲ್ಲ.

‘ಮಲೆನಾಡು’ ಎಂಬ ಅಕ್ಷರ ಎಲ್ಲಿಂದ ತರುವುದು? ಟೀ ಶರ್ಟ್ ಪ್ರಿಂಟ್ ಮಾಡಿಸಿದ ಅಂಗಡಿಯಲ್ಲಿ ಕೋರೆಲ್‌ಡ್ರಾ ಫೈಲ್ ಇರುತ್ತದೆ. ಅದನ್ನು ಕರ್ವ್ ಮಾಡಿ ಕಳಿಸಿ ಎಂದು ಕೇಳಿದೆ, ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಬಂತು. ಎಷ್ಟೋ ಜನ ಈ ಒಂದು ಫೋನ್ ಮಾಡದೆ ಎರಡು ದಿನ ಅಕ್ಷರ ಕೊರೆಯುತ್ತಾ ಕೂರುತ್ತಾರೆ.

ಈಗ ಅಕ್ಷರ ಬಟ್ಟೆಯ ಮಡಿಕೆಗೆ ತಕ್ಕಂತೆ ಬಾಗಬೇಕು. ಇದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ ಎಂಬ ಉಪಾಯ ಇದೆ. ಖಾಲಿ ಅಂಗಿಯ ಚಿತ್ರವನ್ನು ಕಪ್ಪು-ಬಿಳಿ ಮಾಡಿ, ಪಿಎಸ್‌ಡಿಯಾಗಿ ಉಳಿಸಿ. ಫೋಟೋಶಾಪ್‌ನ `Displace` ಫಿಲ್ಟರ್ ಆ ಕಪ್ಪು-ಬಿಳಿಯನ್ನು ಓದಿ ಅಕ್ಷರವನ್ನು ಸರಿಸುತ್ತದೆ. 128ರ ಬೂದಿ ಇದ್ದಲ್ಲಿ ಅಕ್ಷರ ಅಲುಗುವುದಿಲ್ಲ. ಅದಕ್ಕಿಂತ ಕಪ್ಪಿದ್ದರೆ ಒಂದು ಕಡೆಗೆ, ಬಿಳಿ ಇದ್ದರೆ ಇನ್ನೊಂದು ಕಡೆಗೆ. ಸ್ಕೇಲ್ 100 ಕೊಟ್ಟರೆ ಗರಿಷ್ಠ 128 ಪಿಕ್ಸೆಲ್ ಸರಿಯುತ್ತದೆ. ನಾನು ಕೊಟ್ಟದ್ದು 10, ಅಂದರೆ ಹೆಚ್ಚೆಂದರೆ 13 ಪಿಕ್ಸೆಲ್.

ಮೊದಲ ಸಲ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಬಂತು. ಬಟ್ಟೆಯ ನೂಲಿನ ಒರಟುತನವನ್ನೂ ಫಿಲ್ಟರ್ ಮಡಿಕೆ ಎಂದುಕೊಂಡಿತ್ತು. ಮ್ಯಾಪ್‌ಗೆ ಎಂಟು ಹತ್ತು ಪಿಕ್ಸೆಲ್ ಬ್ಲರ್ ಕೊಟ್ಟ ಮೇಲೆ ನೂಲು ಹೋಗಿ ಮಡಿಕೆ ಉಳಿಯಿತು. ಎರಡನೇ ಸಲ ಅಕ್ಷರ ಅಲುಗಲೇ ಇಲ್ಲ. ಮೋಡದ ಬೆಳಕಿನಲ್ಲಿ ಮಡಿಕೆಗೂ ಬಟ್ಟೆಗೂ ವ್ಯತ್ಯಾಸ ಕಡಿಮೆ, ಮ್ಯಾಪ್ ಪೂರ್ತಿ ಒಂದೇ ಬೂದಿ. ಲೆವೆಲ್ಸ್‌ನಲ್ಲಿ ಕಪ್ಪು-ಬಿಳಿ ಎಳೆದ ಮೇಲೆ ಸರಿಹೋಯಿತು. ಈ ಉಪಾಯಕ್ಕೂ ಮಿತಿ ಇದೆ. ಫಿಲ್ಟರ್ ನೋಡುವುದು ಬೆಳಕನ್ನು, ಬಟ್ಟೆಯ ಉಬ್ಬುತಗ್ಗನ್ನಲ್ಲ. ಅಂಗಿಯ ಮೇಲೆ ಬೆವರಿನ ಕಲೆ ಇದ್ದರೆ ಅದನ್ನೂ ಹಳ್ಳ ಎಂದುಕೊಳ್ಳುತ್ತದೆ. ದೊಡ್ಡ ಮಡಿಕೆಗಳನ್ನು ವಾರ್ಪ್ ಟೂಲ್‌ನಲ್ಲಿ ಕೈಯಿಂದಲೇ ಬಗ್ಗಿಸಬೇಕು.

ಬಣ್ಣ ಕೂಡಿಸುವಾಗ ಸಾಮಾನ್ಯವಾಗಿ `Multiply` ಮೋಡ್ ಹಾಕಿ ಎನ್ನುತ್ತಾರೆ. ಬಿಳಿ ಅಂಗಿಯ ಮೇಲೆ ಕಪ್ಪು ಅಕ್ಷರವಾದರೆ ಅದು ಸರಿ. ಇಲ್ಲಿ ಕಡು ಹಸಿರಿನ ಮೇಲೆ ಹಳದಿ. ಮಲ್ಟಿಪ್ಲೈ ಹಾಕಿದರೆ ಹಳದಿ ಹಸಿರಿನಲ್ಲಿ ಮುಳುಗಿಹೋಗುತ್ತದೆ. ಅಕ್ಷರವನ್ನು ನಾರ್ಮಲ್‌ನಲ್ಲೇ ಬಿಟ್ಟು, ಅಂಗಿಯ ಕಪ್ಪು-ಬಿಳಿ ನೆರಳನ್ನು ಅದರ ಮೇಲೆ ಅಕ್ಷರದ ಒಳಗಷ್ಟೇ ಬೀಳುವಂತೆ ಸಾಫ್ಟ್ ಲೈಟ್‌ನಲ್ಲಿ ಹಾಕಿದೆ. ಮಡಿಕೆಯ ಮೇಲೆ ಹಾದ ‘ಲೆ’ಯಲ್ಲಿ ಹಳದಿ ತುಸು ಕಂದಿತು. ಪ್ರಿಂಟ್ ಆದ ಅಂಗಿ ಹಾಗೇ ಅಲ್ವಾ ಇರುವುದು?

ಕೊನೆಗೆ ‘ಡು’ವಿನ ಕೊಂಬು. ತೋಳಿನ ಹತ್ತಿರದ ಆಳವಾದ ಮಡಿಕೆಯೊಳಗೆ ಅದು ಅರ್ಧ ಮರೆಯಾಗಬೇಕಿತ್ತು. ಹಾಗೇ ಮರೆ ಮಾಡಿದೆ. ತಂಡದವರು ನೋಡಿ, ‘ಅಣ್ಣ, ಇದೊಂದು ಪೂರ್ತಿ ಕಾಣಲಿ’ ಎಂದರು. ಪಕ್ಕದ ಹುಡುಗರ ಅಂಗಿ ತೋರಿಸಿದೆ. ಐದು ಮಂದಿಯಲ್ಲಿ ಮೂವರ ಎದೆಯ ಮೇಲೆ ಆ ಪದ ಪೂರ್ತಿ ಕಾಣುತ್ತಿರಲಿಲ್ಲ, ಒಬ್ಬನದಂತೂ ‘ಮಲೆನಾ’ ತನಕ ಮಾತ್ರ. ಹೊಸಬನದು ಮಾತ್ರ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ಕಂಡರೆ, ಅಂಟಿಸಿದ್ದು ಎಂದು ಮೊದಲು ಗೊತ್ತಾಗುವುದೇ ಅಲ್ಲಿ. ಅದೇ ಅಂಗಿಯ ಜೇಬಿನ ಬದಿಯನ್ನೂ ನೋಡಿದೆ. ತಿರುಗಿಸಿದಾಗ ಎದೆಯ ಎಡಗಡೆಯ ಸಣ್ಣ ಲಾಂಛನ ಬಲಕ್ಕೆ ಹೋಗಿತ್ತು. ಅದನ್ನೂ ಎಡಕ್ಕೆ ತಂದೆ.

ಅಂಕಿಗಳನ್ನು ನಂಬಬೇಡಿ

ಬೋರ್ಡಿನ ಅಡಿಯಲ್ಲಿ ಒಂದು ಫೋನ್ ನಂಬರ್ ಇತ್ತು. ಬಣ್ಣ ಎದ್ದುಹೋಗಿ ಮೂಲ ಫೋಟೋದಲ್ಲೇ ಕೊನೆಯ ನಾಲ್ಕು ಅಂಕಿ ಓದಲು ಬರುತ್ತಿರಲಿಲ್ಲ. ಫೋಟೋ ಚೂಪು ಮಾಡುವ ಒಂದು ಎಐ ಅಪ್‌ಸ್ಕೇಲರ್‌ಗೆ ಹಾಕಿದೆ. ಅಂಕಿಗಳು ಈಗ ತಾನೇ ಬರೆದಂತೆ ಬಂದವು. ಎಣಿಸಿ ನೋಡಿದರೆ ಒಂಬತ್ತೇ ಇದ್ದವು.

ಅಕ್ಷರ ತಪ್ಪಾದರೆ ಓದುವವರಿಗೆ ತಿಳಿಯುತ್ತದೆ, ‘ಮಂಢಿ’ ಎಂಬ ಪದ ಇಲ್ಲ. ಅಂಕಿ ತಪ್ಪಾದರೆ ತಿಳಿಯುವುದಿಲ್ಲ. 3ರ ಜಾಗದಲ್ಲಿ 8 ಬಂದರೂ ಅದು ಸರಿಯಾದ ನಂಬರಿನಂತೆಯೇ ಕಾಣುತ್ತದೆ, ಫೋನ್ ಮಾತ್ರ ಬೇರೆ ಯಾರಿಗೋ ಹೋಗುತ್ತದೆ. ಆ ಸಾಲನ್ನು ಮೂಲದಲ್ಲಿದ್ದಂತೆ ಮಸುಕಾಗಿಯೇ ವಾಪಸ್ ಇಟ್ಟೆ.

6000 ಪಿಕ್ಸೆಲ್ ಫೋಟೋ ಆರು ಅಡಿ ಫ್ಲೆಕ್ಸ್ ಆದಾಗ ಬೋರ್ಡಿನ ಅಕ್ಷರ ಸುಮಾರು ಒಂದೂವರೆ ಇಂಚು ಬರುತ್ತದೆ, ಒತ್ತು ಅರ್ಧ ಇಂಚು. ಹಾಗಾಗಿ ಪ್ರಿಂಟ್‌ಗೆ ಮುಂಚೆ ಆ ಭಾಗವನ್ನಷ್ಟೇ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಈ ಕೆಲಸ ನೋಡಿರದ ಒಬ್ಬರಿಗೆ ಓದಲು ಕೊಡುತ್ತೇನೆ. ನನ್ನ ಕಣ್ಣು ತಪ್ಪನ್ನೂ ಸರಿಯಾಗೇ ಓದಿಬಿಡುತ್ತದೆ. ಈ ಸಲ ಕಾಗದ ಹಿಡಿದು ಮಂಡಿಗೇ ಹೋದೆ, ನಂಬರ್ ಯಾವುದು ಎಂದೂ ಕೇಳಿಕೊಂಡು ಬರೋಣ ಅಂತ. ಮಂಡಿಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಗ ಒತ್ತು ನಮ್ಮ ಬೋರ್ಡಿಗಿಂತ ಚೆನ್ನಾಗಿದೆ’ ಎಂದರು. ನಂಬರ್ ಕೇಳಿದ್ದಕ್ಕೆ, ‘ಅದು ಹಳೇದು ಮಾರಾಯ್ರೇ, ಈಗ ಇಲ್ಲ. ಮಸುಕಾಗೇ ಇರಲಿ ಬಿಡಿ’ ಎಂದರು.